ಬಿಸಿಗಾಳಿ ಸುದ್ದಿ ಬರೆಯೋದು ಹೇಗೆ? ಆಸ್ಪತ್ರೆ ಲೆಕ್ಕ, ಬಿಸಿಲಲ್ಲಿ ದುಡಿಯೋರು, ಸಲಹೆ ಮೂರನ್ನೂ ಒಂದೇ ಸುದ್ದಿಯಲ್ಲಿ ಕೂರಿಸೋ ಸಮಗ್ರ ಮಾರ್ಗದರ್ಶಿ

ಏಪ್ರಿಲ್ ಬಂತು ಅಂದ್ರೆ ಡೆಸ್ಕಿಗೆ ಒಂದೇ ಥರದ ಕಾಪಿ ಬರೋಕೆ ಶುರು ಆಗುತ್ತೆ. ಮೇಲೆ "ಕೆಂಡವಾದ ಕಲಬುರಗಿ" ಅಂತ ಒಂದು ಹೆಡ್ಡಿಂಗು, ಕೆಳಗೆ ಜಿಲ್ಲಾ ಆರೋಗ್ಯಾಧಿಕಾರಿ ಅಂದ್ರೆ ಡಿಎಚ್‌ಒ ಕೊಟ್ಟ ಒಂದು ಸಂಖ್ಯೆ, ಮಧ್ಯದಲ್ಲಿ ಯಾರೋ ಕೂಲಿಕಾರರು "ಬಿಸಿಲು ಜಾಸ್ತಿ ಆಗಿದೆ" ಅಂದಿದ್ದು, ಕೊನೆಗೆ ಬಾಕ್ಸಲ್ಲಿ "ಮಧ್ಯಾಹ್ನ 12ರಿಂದ 3ರವರೆಗೆ ಹೊರಗೆ ಬರಬೇಡಿ". ಮೂರೂ ಇವೆ, ಆದ್ರೆ ಒಂದಕ್ಕೊಂದು ಸಂಬಂಧನೇ ಇಲ್ಲ. ಹೊರಗೆ ಬರಬೇಡಿ ಅನ್ನೋ ಸಲಹೆ ಓದೋ ಹಮಾಲರಿಗೆ ಆ ಹೊತ್ತಲ್ಲೇ ಲಾರಿ ತುಂಬೋ ಕೆಲಸ ಇರುತ್ತೆ, ಆಸ್ಪತ್ರೆ ಸಂಖ್ಯೆಯಲ್ಲಿ ಆ ಹಮಾಲರು ಇದಾರೋ ಇಲ್ವೋ ಅಂತ ಬರೆದೋರಿಗೂ ಗೊತ್ತಿರಲ್ಲ.

ಸರಿ ಮಾಡೋಕೆ ಒಂದು ಪ್ರಶ್ನೆ ಹಿಡ್ಕೊಂಡ್ರೆ ಸಾಕು: ಯಾರು, ಯಾವ ಹೊತ್ತಲ್ಲಿ, ಏನು ಕೆಲಸ ಮಾಡ್ತಾ ಬಿದ್ರು? ಆಸ್ಪತ್ರೆ ಲೆಕ್ಕ ಕೇಳೋದೂ ಇದಕ್ಕೇ, ಕೆಲಸದ ಜಾಗಕ್ಕೆ ಹೋಗೋದೂ ಇದಕ್ಕೇ, ಸಲಹೆ ಕೊಡೋದೂ ಇದಕ್ಕೆ ಬಂದ ಉತ್ತರದಿಂದ್ಲೇ. ಕೆಳಗೆ ಕಲಬುರಗಿಯನ್ನೇ ಉದಾಹರಣೆಗೆ ಇಟ್ಕೊಂಡು ಹೇಳ್ತೀನಿ, ರಾಯಚೂರು, ಯಾದಗಿರಿ, ಬಳ್ಳಾರಿಯವರಿಗೂ ಹೆಚ್ಚುಕಮ್ಮಿ ಇದೇ ದಾರಿ. ಮಂಗಳೂರು, ಕಾರವಾರದವರು ಮಾತ್ರ ಹಂತ 1ರಲ್ಲಿ ಸ್ವಲ್ಪ ಬೇರೆ ನೋಡ್ಬೇಕು.

## ಶುರು ಮಾಡೋ ಮುಂಚೆ: ಏನೇನು ಬೇಕು, ಎಷ್ಟು ಟೈಮ್ ಬೇಕು

ಎರಡು ದಿನ ಇಟ್ಕೊಳ್ಳಿ. ಮೊದಲ ದಿನ ಬೆಳಗ್ಗೆ ಲೆಕ್ಕ ಕೇಳಿ ಬಿಡೋದು, ಅದು ಬರೋವರೆಗೆ ಕೆಲಸದ ಜಾಗಕ್ಕೆ ಹೋಗೋದು, ಎರಡನೇ ದಿನ ಡಾಕ್ಟರ ಹತ್ರ ಕೂತು ಮಾತಾಡಿ ಬರೆಯೋದು. ಬಹಳ ಜನ ಇದನ್ನ ಉಲ್ಟಾ ಮಾಡ್ತಾರೆ, ಮೊದಲು ಡಾಕ್ಟರ್ ಬೈಟ್ ತಗೊಂಡು ಬಂದ್ಬಿಡ್ತಾರೆ, ಆಮೇಲೆ ಫೀಲ್ಡಿಗೆ ಹೋದಾಗ ಕೇಳ್ಬೇಕಾದ ನಿಜವಾದ ಪ್ರಶ್ನೆ ಹೊಳೆಯುತ್ತೆ, ಅಷ್ಟೊತ್ತಿಗೆ ಡಾಕ್ಟರ್ ಫೋನ್ ಎತ್ತಲ್ಲ.

ಒಂದು ವಿಷಯ ನೆನಪಿಡಿ. ಕಲಬುರಗಿ ವಿಭಾಗದ ಜಿಲ್ಲೆಗಳು, ಜೊತೆಗೆ ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಸರ್ಕಾರಿ ಕಚೇರಿ ಟೈಮನ್ನ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸೋ ಆದೇಶ ಹೊರಡುತ್ತೆ. ಮಧ್ಯಾಹ್ನ 3ಕ್ಕೆ ಹೋದ್ರೆ ಡಿಎಚ್‌ಒ ಕಚೇರಿಯಲ್ಲಿ ಯಾರೂ ಸಿಗಲ್ಲ, ಎಂಟೂವರೆಗೆ ಹೋಗಿ. (ಇದೇ ಆದೇಶ ಸುದ್ದಿಗೂ ಸರಕು. ಬಿಸಿಲಿಗೆ ಅಂತ ಕಚೇರಿ ಒಂದೂವರೆಗೆ ಮುಚ್ಚುತ್ತೆ, ಆ ಕಚೇರಿ ಮುಂದೆ ರಸ್ತೆ ಅಗೆಯೋರಿಗೆ ಯಾವ ಆದೇಶ ಇದೆ ಅಂತ ಕೇಳಿ ನೋಡಿ.)

ಸಾಮಾನು ಅಂತ ಹೆಚ್ಚೇನಿಲ್ಲ. ನೋಟ್‌ಬುಕ್ಕು, ಫೋನು, ಟೋಪಿ, ನೀರು, ಸಾಧ್ಯ ಆದ್ರೆ ಒಂದು ಸಣ್ಣ ಡಿಜಿಟಲ್ ಥರ್ಮಾಮೀಟರ್, ತೇವಾಂಶನೂ ತೋರಿಸುವಂಥದ್ದು. ಅದನ್ನ ಹೇಗೆ ಬಳಸ್ಬೇಕು ಅಂತ ಹಂತ 3ರಲ್ಲಿ ಹೇಳ್ತೀನಿ.

## ಹಂತ 1: ಅದು "ಬಿಸಿಗಾಳಿ"ನೇನಾ, ಬರೀ ಬಿಸಿಲಾ? ಮೊದಲು ಇದನ್ನ ಇತ್ಯರ್ಥ ಮಾಡ್ಕೊಳ್ಳಿ

ಬಿಸಿಗಾಳಿ ಅನ್ನೋದು ಹವಾಮಾನ ಇಲಾಖೆ ಘೋಷಣೆ ಮಾಡೋ ವಿಷಯ, ನಮಗೆ ಸೆಖೆ ಆಯ್ತು ಅಂತ ನಾವು ಹಾಕೋ ಪದ ಅಲ್ಲ. ಬಯಲು ಪ್ರದೇಶದಲ್ಲಿ ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ಮುಟ್ಟಿರ್ಬೇಕು, ಜೊತೆಗೆ ಆ ದಿನದ ವಾಡಿಕೆಗಿಂತ 4.5 ಡಿಗ್ರಿ ಅಥವಾ ಅದಕ್ಕಿಂತ ಮೇಲೆ ಇರ್ಬೇಕು. 6.4ಕ್ಕಿಂತ ಜಾಸ್ತಿ ಇದ್ರೆ ತೀವ್ರ ಬಿಸಿಗಾಳಿ. ಇಲ್ಲಾಂದ್ರೆ ನೇರವಾಗಿ 45 ಡಿಗ್ರಿ ಮುಟ್ಟಿದ್ರೆ ಬಿಸಿಗಾಳಿ, 47 ಆದ್ರೆ ತೀವ್ರ. ಒಂದು ಹವಾಮಾನ ಉಪವಿಭಾಗದ ಕನಿಷ್ಠ ಎರಡು ಕೇಂದ್ರಗಳಲ್ಲಿ ಎರಡು ದಿನ ಹೀಗೇ ಇದ್ರೆ, ಎರಡನೇ ದಿನ ಘೋಷಣೆ ಆಗುತ್ತೆ. ಕರಾವಳಿಗೆ 40ರ ಬದಲು 37ರ ಮಿತಿ.

ಕಲಬುರಗಿಯವರು ಎಡವೋದು ಇಲ್ಲೇ. ಲೆಕ್ಕ ಮಾಡಿ ನೋಡಿ. ಏಪ್ರಿಲ್ ಕೊನೆಯ ಒಂದು ದಿನದ ವಾಡಿಕೆ 40 ಅಂದ್ಕೊಳ್ಳಿ, ಅವತ್ತು 43.4 ಬಂತು. ವ್ಯತ್ಯಾಸ 3.4 ಅಷ್ಟೇ, 45ನೂ ಮುಟ್ಟಿಲ್ಲ. ಅಂದ್ರೆ ಹವಾಮಾನ ಇಲಾಖೆ ಲೆಕ್ಕದಲ್ಲಿ ಅದು ಬಿಸಿಗಾಳಿ ಅಲ್ಲವೇ ಅಲ್ಲ, ಆದ್ರೆ ಮರುದಿನ ಪೇಪರಲ್ಲಿ "ಬಿಸಿಗಾಳಿಗೆ ತತ್ತರ" ಅಂತ ಬಂದಿರುತ್ತೆ. ಹಾಗಂತ ಸುದ್ದಿ ಬಿಡಬೇಕಾಗಿಲ್ಲ, ಬದಲಿಗೆ ಅದೇ ಸುದ್ದಿಯ ಗಟ್ಟಿ ಜಾಗ: ಘೋಷಣೆ ಆಗದೇ ಇದ್ರೂ 43 ಡಿಗ್ರಿಯಲ್ಲಿ ಮೂಟೆ ಹೊರೋ ಮೈಗೆ ಏನು ಆಗಬೇಕೋ ಅದು ಆಗೇ ಆಗುತ್ತೆ. "ಬಿಸಿಗಾಳಿ ಘೋಷಣೆ ಆಗಿಲ್ಲ, ಆಸ್ಪತ್ರೆಗೆ ಬರೋರು ಹೆಚ್ಚಾಗಿದಾರೆ" ಅಂತ ಬರೆಯೋಕೆ ಸಿಕ್ಕಿದ್ರೆ ಅದು ಮೊದಲಿನ ಹೆಡ್ಡಿಂಗಿಗಿಂತ ನೂರು ಪಾಲು ಮೇಲು.

ತಾಪಮಾನ ಎಲ್ಲಿಂದ ತಗೋಬೇಕು ಅಂದ್ರೆ, ಬೆಂಗಳೂರಿನ ಹವಾಮಾನ ಕೇಂದ್ರದ ದಿನದ ವರದಿಯಿಂದ. ಅದರಲ್ಲಿ ಗರಿಷ್ಠದ ಪಕ್ಕದಲ್ಲೇ ವಾಡಿಕೆಯಿಂದ ಎಷ್ಟು ವ್ಯತ್ಯಾಸ ಅಂತ ಕೊಟ್ಟಿರ್ತಾರೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹೋಬಳಿ ಮಟ್ಟದ ಸಂಖ್ಯೆಗಳೂ ಸಿಗುತ್ತೆ, ಉಪಯೋಗನೂ ಇದೆ, ಆದ್ರೆ ಎರಡು ಜಾಲ ಬೇರೆ ಬೇರೆ, ಕೇಂದ್ರಗಳು ಇರೋ ಜಾಗ ಬೇರೆ. ನಿನ್ನೆಯದು ಒಂದರಿಂದ, ಇವತ್ತಿಂದು ಇನ್ನೊಂದರಿಂದ ತಗೊಂಡು "ಒಂದೇ ದಿನದಲ್ಲಿ 2 ಡಿಗ್ರಿ ಏರಿಕೆ" ಅಂತ ಬರೆದ್ರೆ ಅದು ಬಿಸಿಲು ಏರಿದ್ದಲ್ಲ, ನೀವು ಥರ್ಮಾಮೀಟರ್ ಬದಲಾಯಿಸಿದ್ದು. ಕಾರಿನ ಡ್ಯಾಶ್‌ಬೋರ್ಡಿನ 47, ಫೋನ್ ಆ್ಯಪಿನ "ಫೀಲ್ಸ್ ಲೈಕ್" ಎರಡನ್ನೂ ದೂರ ಇಡಿ.

ಕರಾವಳಿಯವರಿಗೆ ಒಂದು ಮಾತು: ನಿಮ್ಮಲ್ಲಿ 36 ಇದ್ರೂ ತೇವಾಂಶ ಜಾಸ್ತಿ, ಬೆವರು ಆರಲ್ಲ, ಬೆವರು ಆರದಿದ್ರೆ ಮೈ ತಣ್ಣಗಾಗಲ್ಲ. ಹಾಗಾಗಿ ತಾಪಮಾನದ ಜೊತೆ ತೇವಾಂಶ ಬರೆಯದೇ ನಿಮ್ಮ ಸುದ್ದಿ ಪೂರ್ತಿ ಆಗಲ್ಲ.

## ಹಂತ 2: ಆಸ್ಪತ್ರೆ ಲೆಕ್ಕ ಕೇಳೋದು

"ಬಿಸಿಲಿಂದ ಎಷ್ಟು ಜನಕ್ಕೆ ತೊಂದರೆ ಆಗಿದೆ ಸಾರ್?" ಅಂತ ಕೇಳಿದ್ರೆ "ಏನಿಲ್ಲ, ಎಲ್ಲಾ ಕಂಟ್ರೋಲಲ್ಲಿದೆ" ಅಂತ ಉತ್ತರ ಬರುತ್ತೆ. ಪ್ರಶ್ನೆನೇ ಸರಿ ಇಲ್ಲ. ಬಿಸಿಲಿಗೆ ಸಂಬಂಧಪಟ್ಟ ಕಾಯಿಲೆಗಳನ್ನ ಮಾರ್ಚ್ 1ರಿಂದ ದಿನಾ ಐಎಚ್‌ಐಪಿ ಅನ್ನೋ ಪೋರ್ಟಲ್ಲಿಗೆ ಹಾಕ್ಬೇಕು ಅಂತ ಕೇಂದ್ರದ ಹವಾಮಾನ ಬದಲಾವಣೆ ಮತ್ತು ಆರೋಗ್ಯ ಕಾರ್ಯಕ್ರಮದಲ್ಲಿ ವ್ಯವಸ್ಥೆ ಇದೆ. ಅಂದ್ರೆ ಲೆಕ್ಕ ಇದೆ, ಯಾರದ್ದೋ ಕಂಪ್ಯೂಟರಲ್ಲಿದೆ. ಜಿಲ್ಲೆಯಲ್ಲಿ ಅದನ್ನ ನೋಡೋದು ಸಾಮಾನ್ಯವಾಗಿ ಜಿಲ್ಲಾ ಸರ್ವೇಕ್ಷಣಾಧಿಕಾರಿ ಕಚೇರಿ. ಅಲ್ಲಿ ಕೂತು ಈ ಥರ ಕೇಳಿ:

1. ಕಳೆದ ವಾರ ಮತ್ತು ಅದರ ಹಿಂದಿನ ವಾರ ಎಷ್ಟು ಕೇಸು, ದಿನದ ಲೆಕ್ಕದಲ್ಲಿ.
2. ಅದರಲ್ಲಿ ಹೀಟ್ ಸ್ಟ್ರೋಕ್ ಅಂತ ಶಂಕೆ ಇರೋದು ಎಷ್ಟು, ಬಳಲಿಕೆ, ಸೆಳೆತ, ಬೆವರುಗುಳ್ಳೆ ಥರದ್ದು ಎಷ್ಟು.
3. ಎಷ್ಟು ಆಸ್ಪತ್ರೆಗಳು ಲೆಕ್ಕ ಕಳಿಸಿದವು, ಎಷ್ಟು ಕಳಿಸಿಲ್ಲ, ಖಾಸಗಿ ಆಸ್ಪತ್ರೆ ಸೇರಿದೆಯಾ.
4. ಸಾವು ಇದ್ರೆ: ಶಂಕಿತವಾ, ದೃಢಪಟ್ಟಿದ್ದಾ.

ಮೂರನೇ ಪ್ರಶ್ನೆ ಯಾರೂ ಕೇಳಲ್ಲ, ಅದಕ್ಕೇ ಸುದ್ದಿ ಹಳ್ಳ ಹಿಡಿಯೋದು. ಒಂದು ಉದಾಹರಣೆ ಲೆಕ್ಕ ಹಾಕೋಣ, ಸಂಖ್ಯೆ ಎಲ್ಲಾ ವಿವರಿಸೋಕೆ ನಾನೇ ಹಾಕಿದ್ದು. ಹಿಂದಿನ ವಾರ 9 ಕೇಸು, ಈ ವಾರ 23. ಕ್ಯಾಲ್ಕ್ಯುಲೇಟರ್ ಒತ್ತಿದ್ರೆ ಸುಮಾರು 156 ಪರ್ಸೆಂಟ್ ಏರಿಕೆ, ಹೆಡ್ಡಿಂಗ್ ರೆಡಿ. ಈಗ ಮೂರನೇ ಪ್ರಶ್ನೆ ಕೇಳಿ. ಹಿಂದಿನ ವಾರ 4 ಆಸ್ಪತ್ರೆಗಳಷ್ಟೇ ಲೆಕ್ಕ ಕಳಿಸಿದ್ವು, ಈ ವಾರ 7. ಹೊಸದಾಗಿ ಸೇರಿದ 3 ಆಸ್ಪತ್ರೆಯಿಂದ್ಲೇ 10 ಕೇಸು. ಹಾಗಾದ್ರೆ ಮೊದಲಿನ ಅದೇ 4 ಆಸ್ಪತ್ರೆಯಲ್ಲಿ 9 ಇದ್ದಿದ್ದು 13 ಆಯ್ತು, ನಾಲ್ಕು ಜನ ಜಾಸ್ತಿ. ಬರೆಯಬೇಕಾದ ವಾಕ್ಯ ಇದು: "ಎರಡೂ ವಾರ ಲೆಕ್ಕ ಕೊಟ್ಟ ನಾಲ್ಕು ಆಸ್ಪತ್ರೆಗಳಲ್ಲಿ ಕೇಸು 9ರಿಂದ 13ಕ್ಕೆ ಏರಿದೆ, ಹೊಸದಾಗಿ ಲೆಕ್ಕ ಕೊಡೋಕೆ ಶುರು ಮಾಡಿದ ಮೂರು ಆಸ್ಪತ್ರೆಗಳಲ್ಲಿ ಇನ್ನೂ 10 ಕೇಸುಗಳಿವೆ." ಪರ್ಸೆಂಟೇಜ್ ಬೇಡ, ಇಷ್ಟು ಸಣ್ಣ ಸಂಖ್ಯೆಗೆ ಪರ್ಸೆಂಟೇಜ್ ಹಾಕಿದ್ರೆ ಓದುಗರಿಗೆ ಮೋಸ.

ಪೋರ್ಟಲ್ ಲೆಕ್ಕ ಒಂದಕ್ಕೇ ನಿಲ್ಲಬೇಡಿ. ಜಿಲ್ಲಾಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ರಿಜಿಸ್ಟರ್ ಇರುತ್ತೆ. ಹೆಸರು, ವಿಳಾಸ ನಮಗೆ ಬೇಡ, ಕೇಳಲೂಬಾರದು, ಕೊಟ್ರೂ ಬರ್ಕೋಬಾರದು. ಮೆಡಿಕಲ್ ಸೂಪರಿಂಟೆಂಡೆಂಟ್ ಹತ್ರ ಕೇಳ್ಬೇಕಾಗಿದ್ದು ವಯಸ್ಸು, ಗಂಡೋ ಹೆಣ್ಣೋ, ಬಂದ ಹೊತ್ತು, ಕೆಲಸ ಏನು, ಇಷ್ಟೇ. ಕೆಲಸದ ಕಾಲಂ ಬಹಳ ಸಲ ಖಾಲಿ ಇರುತ್ತೆ. ಖಾಲಿ ಇದೆ ಅನ್ನೋದೇ ಒಂದು ಸುದ್ದಿ, ಯಾಕಂದ್ರೆ ಯಾರು ಕೂಲಿಕಾರರು ಅಂತ ಬರೆಯದೇ ಇದ್ರೆ ಬಿಸಿಲು ಯಾರನ್ನ ಬೀಳಿಸ್ತಿದೆ ಅಂತ ಜಿಲ್ಲಾಡಳಿತಕ್ಕೂ ಗೊತ್ತಾಗಲ್ಲ.

ಎಚ್ಚರಿಕೆ ಗಂಟೆ: ಪಕ್ಕದ ಎರಡು ತಾಲೂಕಿಂದ "ಸೊನ್ನೆ" ಬಂದಿದ್ರೆ ಅನುಮಾನ ಪಡಿ. ಸೊನ್ನೆ ಕೇಸು ಬೇರೆ, ಲೆಕ್ಕನೇ ಕಳಿಸದೇ ಇರೋದು ಬೇರೆ. ಟೇಬಲ್ಲಿನಲ್ಲಿ ಎರಡೂ ಒಂದೇ ಥರ ಕಾಣುತ್ತೆ.

## ಹಂತ 3: ಕೆಲಸದ ಜಾಗಕ್ಕೆ ಹೋಗೋದು, ಒಂದಲ್ಲ ಎರಡು ಸಲ

ಒಂದೇ ಜಾಗ ಆರಿಸ್ಕೊಳ್ಳಿ. ಪೌರಕಾರ್ಮಿಕರು, ಡೆಲಿವರಿ ಹುಡುಗರು, ಇಟ್ಟಿಗೆ ಭಟ್ಟಿ, ಗೌಂಡಿಗಳು, ಎಲ್ಲರದ್ದೂ ಒಂದೊಂದು ಸಾಲು ಹಾಕಿದ್ರೆ ಯಾರದ್ದೂ ಗೊತ್ತಾಗಲ್ಲ. ಕಲಬುರಗಿಯಲ್ಲಿ ನಾನಾದ್ರೆ ಗಂಜ್ ಮಾರುಕಟ್ಟೆಯ ಹಮಾಲರನ್ನ ತಗೋತೀನಿ, ಇಲ್ಲಾ ಶಹಾಬಾದ್ ಕಡೆ ಕಲ್ಲಿನ ಗಣಿಯೋರನ್ನ. ಗಣಿ ಬೇರೆಯದೇ ಲೋಕ, ಮೇಲಿಂದ ಬಿಸಿಲು, ಕೆಳಗೆ ಕಾದ ಕಲ್ಲು, ನಾಲ್ಕೂ ಕಡೆ ಗೋಡೆ ಥರ ನಿಂತ ಬಂಡೆ, ಗಾಳಿ ಆಡಲ್ಲ. ಈ ಬರಹಕ್ಕೆ ಗಂಜ್ ಇಟ್ಕೊಳ್ಳೋಣ.

ಮೊದಲ ಸಲ ಬೆಳಗ್ಗೆ ಕೆಲಸ ಶುರು ಆಗೋ ಹೊತ್ತಿಗೆ ಹೋಗಿ, ಎರಡನೇ ಸಲ ಮಧ್ಯಾಹ್ನ ಎರಡರ ಸುಮಾರಿಗೆ. ಬೆಳಗ್ಗೆ ಜನ ಮಾತಾಡ್ತಾರೆ, ಮಧ್ಯಾಹ್ನ ಕೆಲಸ ಕಾಣುತ್ತೆ. ಬೆಳಗ್ಗೆ ಮಾತಾಡಿಸಿದವರನ್ನೇ ಮಧ್ಯಾಹ್ನ ನೋಡಿ, ಎಷ್ಟು ಸಲ ನೀರು ಕುಡಿದ್ರು, ಎಲ್ಲಿ ಕೂತ್ರು, ಕೂರೋಕೆ ನೆರಳಿದ್ದಿದ್ದು ಲಾರಿ ಅಡಿನೋ ಗೋದಾಮಿನ ಗೋಡೆ ಪಕ್ಕನೋ ಬರ್ಕೊಳ್ಳಿ.

"ಬಿಸಿಲು ಜಾಸ್ತಿ ಇದೆಯಾ?" ಅಂತ ದಯವಿಟ್ಟು ಕೇಳ್ಬೇಡಿ. ಹೌದು ಅಂತಾರೆ, ಮುಗೀತು. ಬದಲಿಗೆ:

- ಕೂಲಿ ದಿನದ ಲೆಕ್ಕನಾ, ಚೀಲದ ಲೆಕ್ಕನಾ?
- ನೀರು ಯಾರು ಇಡ್ತಾರೆ, ಎಷ್ಟು ದೂರ ಹೋಗ್ಬೇಕು, ಮಧ್ಯಾಹ್ನದ ಹೊತ್ತಿಗೆ ಅದು ಕುಡಿಯೋ ಹಾಗಿರುತ್ತಾ?
- ಈ ತಿಂಗಳು ಯಾರಿಗಾದ್ರೂ ತಲೆ ತಿರುಗಿದ್ದು, ಕೈಕಾಲು ಸೆಳೆದಿದ್ದು, ವಾಂತಿ ಆಗಿದ್ದು ಇದೆಯಾ? ಆವಾಗ ಎಲ್ಲಿಗೆ ಕರ್ಕೊಂಡು ಹೋದ್ರಿ?
- ಮರುದಿನ ಕೆಲಸಕ್ಕೆ ಬಂದ್ರಾ?
- ಹೆಣ್ಣುಮಕ್ಕಳಿಗೆ: ಇಲ್ಲಿ ಶೌಚಾಲಯ ಇದೆಯಾ?

ಕೊನೆಯದು ಬಿಸಿಲಿಗೆ ಸಂಬಂಧ ಇಲ್ಲ ಅನ್ಸುತ್ತೆ, ಆದ್ರೆ ಶೌಚಾಲಯ ಇಲ್ಲದ ಕಡೆ ಹೆಣ್ಣುಮಕ್ಕಳು ಬೇಕಂತಲೇ ನೀರು ಕಡಿಮೆ ಕುಡಿತಾರೆ. "ಜಾಸ್ತಿ ನೀರು ಕುಡಿಯಿರಿ" ಅನ್ನೋ ಸಲಹೆ ಅವರ ಹತ್ರ ಬಂದು ನಿಂತ್ಕೊಳ್ಳೋದು ಅಲ್ಲೇ.

ಚೀಲದ ಲೆಕ್ಕದ ಪ್ರಶ್ನೆಗೆ ಈ ಕಡೆ ಬರೋ ಉತ್ತರ ಹೆಚ್ಚುಕಮ್ಮಿ ಹೀಗಿರುತ್ತೆ: "ಚೀಲಕ್ಕಿಷ್ಟು ಅಂತ ರೊಕ್ಕ ಅದರಿ, ನೆಳ್ಳಾಗ ಕುಂತ್ರ ಯಾರ್ ಕೊಡ್ತಾರ?" ಇಂಥ ಮಾತು ಸಿಕ್ಕಿದ್ರೆ ಹಾಗೇ ಬಿಡಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಇಡೀ ಸುದ್ದಿಯ ಕೀಲಿ ಇದೇ. ದಿನಗೂಲಿಯವರು ಹತ್ತು ನಿಮಿಷ ಕೂತ್ರೆ ಮೇಸ್ತ್ರಿ ಬೈತಾರೆ ಅಷ್ಟೇ, ಚೀಲದ ಲೆಕ್ಕದವರು ಕೂತ್ರೆ ಅವರ ದುಡ್ಡೇ ಹೋಗುತ್ತೆ.

ಮೂರನೇ ಪ್ರಶ್ನೆಯ ಉತ್ತರನ ಜೋಪಾನ ಮಾಡಿ. ಬಹಳ ಸಲ ಬರೋ ಉತ್ತರ, ಹತ್ತಿರದ ಸಣ್ಣ ಕ್ಲಿನಿಕ್ಕಿಗೆ ಹೋಗಿ ಒಂದು ಸಲೈನ್ ಹಾಕಿಸ್ಕೊಂಡು ಬಂದ್ವಿ ಅಂತ. ಆ ಕೇಸು ಹಂತ 2ರ ಲೆಕ್ಕದಲ್ಲಿ ಇರೋ ಸಾಧ್ಯತೆ ಕಡಿಮೆ. ಆಸ್ಪತ್ರೆ ಲೆಕ್ಕ ಮತ್ತು ಹಮಾಲರ ಮಾತು ಒಂದನ್ನೊಂದು ಮುಟ್ಟೋದು ಈ ಜಾಗದಲ್ಲಿ.

ಈಗ ಥರ್ಮಾಮೀಟರ್. ಹವಾಮಾನ ಇಲಾಖೆ ಅಳೆಯೋದು ಗಾಳಿ ಆಡೋ ಬಿಳಿ ಪೆಟ್ಟಿಗೆಯೊಳಗೆ, ನೆರಳಲ್ಲಿ, ನೆಲದಿಂದ ನಾಲ್ಕೈದು ಅಡಿ ಮೇಲೆ. ನೀವು ಬಿಸಿಲಲ್ಲಿ ಹಿಡಿದ್ರೆ ಯಂತ್ರ ಕಾದಿದ್ದು ತೋರಿಸುತ್ತೆ, ಗಾಳಿ ಕಾದಿದ್ದನ್ನಲ್ಲ. ನೆರಳಲ್ಲಿ, ಎದೆ ಎತ್ತರದಲ್ಲಿ, ಗೋಡೆಗೆ ತಾಗದ ಹಾಗೆ 15-20 ನಿಮಿಷ ನೇತುಹಾಕಿ ಆಮೇಲೆ ಓದಿ. ಲಾರಿ ಒಳಗೊಂದು, ಗೋದಾಮಲ್ಲೊಂದು, ಹೊರಗೆ ನೆರಳಲ್ಲೊಂದು. ಇದನ್ನ ಅಧಿಕೃತ ತಾಪಮಾನದ ಜೊತೆ ಹೋಲಿಸಿ ದಾಖಲೆ ಅಂತ ಬರೆಯೋ ಹಾಗಿಲ್ಲ, "ನಮ್ಮ ಸಾಧಾರಣ ಮಾಪಕದಲ್ಲಿ ಗೋದಾಮಿನ ಒಳಗೆ ಹೊರಗಿನ ನೆರಳಿಗಿಂತ ಇಷ್ಟು ಜಾಸ್ತಿ ಇತ್ತು" ಅಂತ ಮಾತ್ರ. ತಗಡಿನ ಸೂರಿನ ಗೋದಾಮಲ್ಲಿ ಜಾಸ್ತಿ ಬಂದ್ರೆ ಆಶ್ಚರ್ಯ ಪಡಬೇಡಿ, ಹಾಗಾಗಿ "ನೆರಳಲ್ಲಿ ಕೆಲಸ ಮಾಡಿ" ಅಂತ ಬರೆಯೋ ಮುಂಚೆ ಯಾವ ನೆರಳು ಅಂತ ನೋಡ್ಕೊಳ್ಳಿ.

ಹೆಸರು, ಫೋಟೋ ವಿಷಯ: ಗುತ್ತೇದಾರರಿಗೆ ಗೊತ್ತಾದ್ರೆ ನಾಳೆ ಕೆಲಸ ಇಲ್ಲ. ಮುಖ ಕಾಣದ ಫೋಟೋ ತಗೊಳ್ಳಿ, ಹೆಸರು ಹಾಕ್ಲಾ ಅಂತ ಎರಡು ಸಲ ಕೇಳಿ, ಒಂದು ಸಲ ಕೆಲಸದ ಜಾಗದಲ್ಲಿ, ಇನ್ನೊಂದು ಸಲ ಸಂಜೆ ಫೋನಲ್ಲಿ.

## ಹಂತ 4: ಈಗ ಡಾಕ್ಟರ ಹತ್ರ ಹೋಗಿ

ಸಲಹೆ ಕೇಳೋಕೆ ಹೋಗ್ಬೇಡಿ, ನೀವು ಕಂಡಿದ್ದನ್ನ ಹೇಳೋಕೆ ಹೋಗಿ. "ಡಾಕ್ಟ್ರೇ, ಚೀಲದ ಲೆಕ್ಕದಲ್ಲಿ ದುಡಿಯೋರು, ಮಧ್ಯಾಹ್ನ ಕೆಲಸ ಬಿಡೋ ಹಾಗಿಲ್ಲ, ನೀರು ಇನ್ನೂರು ಹೆಜ್ಜೆ ದೂರ, ಇವರು ಏನು ಮಾಡ್ಬಹುದು?" ಅಂತ ಕೇಳಿ ನೋಡಿ, ಬರೋ ಉತ್ತರನೇ ಬೇರೆ.

ಹೀಟ್ ಸ್ಟ್ರೋಕಿಗೂ ಬಳಲಿಕೆಗೂ ವ್ಯತ್ಯಾಸ ಇಲ್ಲಿ ಗಟ್ಟಿ ಮಾಡ್ಕೊಳ್ಳಿ, ಯಾಕಂದ್ರೆ ಎಲ್ಲವನ್ನೂ ಹೀಟ್ ಸ್ಟ್ರೋಕ್ ಅಂತ ಬರೆಯೋದು ನಮ್ಮಲ್ಲಿ ಚಟ ಆಗಿಬಿಟ್ಟಿದೆ. ಬಳಲಿಕೆಯಲ್ಲಿ ಸುಸ್ತು, ತಲೆನೋವು, ವಾಕರಿಕೆ, ವಿಪರೀತ ಬೆವರು ಇರುತ್ತೆ, ಆದ್ರೆ ಮನುಷ್ಯ ಸರಿಯಾಗಿ ಮಾತಾಡ್ತಾನೆ. ಹೀಟ್ ಸ್ಟ್ರೋಕ್ ಅಂದ್ರೆ ಮೈಯೊಳಗಿನ ತಾಪ 40 ಡಿಗ್ರಿ, ಅಂದ್ರೆ 104 ಫ್ಯಾರನ್‌ಹೀಟ್ ದಾಟಿರುತ್ತೆ, ಜೊತೆಗೆ ತಲೆ ಸರಿಯಾಗಿ ಕೆಲಸ ಮಾಡಲ್ಲ: ತೊದಲೋದು, ಏನೇನೋ ಮಾತಾಡೋದು, ಸಿಟ್ಟು, ಫಿಟ್ಸ್, ಎಚ್ಚರ ತಪ್ಪೋದು. ಎರಡನೇ ಭಾಗ ಮುಖ್ಯ, ಯಾಕಂದ್ರೆ ಕಂಕುಳಲ್ಲಿ ಇಟ್ಟ ಥರ್ಮಾಮೀಟರ್ ಒಳಗಿನ ತಾಪಕ್ಕಿಂತ ಕಡಿಮೆ ತೋರಿಸುತ್ತೆ.

ಇನ್ನೊಂದು, ಇದು ಬಹಳ ಪೇಪರಲ್ಲಿ ತಪ್ಪಾಗಿ ಬರುತ್ತೆ. "ಬೆವರು ನಿಂತು ಚರ್ಮ ಒಣಗಿದ್ರೆ ಹೀಟ್ ಸ್ಟ್ರೋಕ್" ಅಂತ. ಮನೆಯಲ್ಲೇ ಕೂತು ಬಿಸಿಗೆ ಬಳಲಿದ ವಯಸ್ಸಾದವರಲ್ಲಿ ಹಾಗೆ ಆಗುತ್ತೆ. ಮೈಮುರಿದು ದುಡಿಯುವಾಗ ಬರೋ ಹೀಟ್ ಸ್ಟ್ರೋಕಲ್ಲಿ ಮೈ ಇನ್ನೂ ಬೆವರಲ್ಲಿ ತೊಯ್ದಿರಬಹುದು. "ಬೆವರ್ತಿದಾನಲ್ಲ, ಏನಾಗಲ್ಲ" ಅಂತ ಜೊತೆಯವರು ಕೂರಿಸಿ ಬಿಟ್ರೆ ಕೆಲಸ ಕೆಟ್ಟಿತು. ಕೂಲಿಕಾರರ ಬಗ್ಗೆ ಸುದ್ದಿ ಬರೀತಾ ಈ ಒಂದು ಸಾಲು ತಪ್ಪಾದ್ರೆ ಉಳಿದಿದ್ದೆಲ್ಲಾ ಸರಿ ಇದ್ದೂ ಪ್ರಯೋಜನ ಇಲ್ಲ.

ಸಾವಿನ ವಿಷಯ ಇದ್ರೆ ಡಾಕ್ಟರಿಗೆ ಕೇಳಬೇಕಾದ್ದು: ತಂದಾಗ ಮೈ ತಾಪ ಅಳೆದಿದ್ರಾ, ಎಷ್ಟೊತ್ತಿಗೆ, ಎಲ್ಲಿ ಬಿದ್ದಿದ್ರು, ಪ್ರಕರಣ ಪರಿಶೀಲನೆಗೆ ಹೋಗಿದೆಯಾ. ತಾಪನೇ ಅಳೆದಿಲ್ಲ ಅಂದ್ರೆ ಆಮೇಲೆ ಅದು ಹೃದಯಾಘಾತ ಅಂತ ದಾಖಲಾಗೋ ಸಾಧ್ಯತೆ ಬಹಳ. ಇಲಾಖೆ ದೃಢಪಡಿಸೋವರೆಗೆ "ಬಿಸಿಲಿಗೆ ಬಲಿ" ಬೇಡ. ಹಾಗಂತ ಸುದ್ದಿನೇ ಬಿಡೋದೂ ಬೇಡ: "43 ಡಿಗ್ರಿ ಇದ್ದ ಮಧ್ಯಾಹ್ನ ಲಾರಿ ತುಂಬುವಾಗ ಕುಸಿದು ಬಿದ್ದರು, ಆಸ್ಪತ್ರೆಗೆ ತರುವಷ್ಟರಲ್ಲಿ ಮೃತಪಟ್ಟಿದ್ದರು, ಸಾವಿನ ಕಾರಣ ಪರಿಶೀಲನೆಯಲ್ಲಿದೆ." ಗೊತ್ತಿರೋದು ಅಷ್ಟೇ, ಅಷ್ಟನ್ನೇ ಬರೆಯಿರಿ.

## ಹಂತ 5: ಸಲಹೆನ ಆ ಜಾಗಕ್ಕೆ ಹೊಲಿಯೋದು

ಸರ್ಕಾರದ ಪ್ರಕಟಣೆಯ ಹದಿನಾರು ಅಂಶ ತಂದು ಅಂಟಿಸಬೇಡಿ. ಒಂದೊಂದು ಸಲಹೆಗೂ ಒಂದೇ ಪರೀಕ್ಷೆ: ನಾನು ಬೆಳಗ್ಗೆ ಮಾತಾಡಿಸಿದ ಆ ಹಮಾಲರು ಇದನ್ನ ನಾಳೆ ಮಾಡೋಕೆ ಆಗುತ್ತಾ? ಆಗಲ್ಲ ಅಂದ್ರೆ ಅದು ಅವರಿಗೆ ಹೇಳೋ ಸಲಹೆ ಅಲ್ಲ, ಮಾಲೀಕರಿಗೋ ಗುತ್ತೇದಾರರಿಗೋ ಹೇಳೋದು. ಹಾಗಾಗಿ ಬಾಕ್ಸನ್ನ ಎರಡು ಮಾಡಿ.

ದುಡಿಯೋರಿಗೆ: ಬಾಯಾರಿಕೆ ಆಗೋವರೆಗೆ ಕಾಯದೆ 15-20 ನಿಮಿಷಕ್ಕೊಂದು ಲೋಟ ನೀರು. ಒಂದೇ ಸಲ ಒಂದು ತಂಬಿಗೆ ಅಲ್ಲ, ಗಂಟೆಗೆ ಸುಮಾರು 1.4 ಲೀಟರಿಗಿಂತ ಜಾಸ್ತಿನೂ ಬೇಡ. ಕಿಡ್ನಿ, ಹೃದಯದ ತೊಂದರೆ ಇರೋರು ಡಾಕ್ಟರ್ ಹೇಳಿದಷ್ಟೇ. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ನಡೆಯುತ್ತೆ. ಒಆರ್‌ಎಸ್ ದೊಡ್ಡ ಪ್ಯಾಕೆಟ್ ಇದ್ರೆ ಪೂರ್ತಿ ಪ್ಯಾಕೆಟನ್ನ ಒಂದು ಲೀಟರ್ ನೀರಿಗೆ, ಅರ್ಧ ಪುಡಿ ಅರ್ಧ ಗ್ಲಾಸಿಗೆ ಅಂತೆಲ್ಲ ಅಂದಾಜು ಬೇಡ, ಕಲಸಿದ್ದನ್ನ 24 ಗಂಟೆ ಆದ್ಮೇಲೆ ಚೆಲ್ಲಿ. ಅಂಗಡಿಯಲ್ಲಿ ಸಿಗೋ ಹಣ್ಣಿನ ರುಚಿಯ ಸಿಹಿ ಡ್ರಿಂಕುಗಳು ಅದಕ್ಕೆ ಬದಲಿ ಅಲ್ಲ. ಜೇಬಲ್ಲಿ ಈರುಳ್ಳಿ ಇಟ್ಕೊಂಡ್ರೆ ಬಿಸಿಲು ಬಡಿಯಲ್ಲ ಅನ್ನೋದನ್ನ ಸುದ್ದಿಯೊಳಗೆ ಬಿಟ್ಕೋಬೇಡಿ, ಯಾರೇ ಹೇಳಿದ್ರೂ.

ಮಾಲೀಕರಿಗೆ: ನೀರು ಕೆಲಸದ ಪಕ್ಕದಲ್ಲೇ, ಗಾಳಿ ಆಡೋ ನೆರಳು, ಭಾರದ ಕೆಲಸ ಬೆಳಗ್ಗೆ ಬೇಗ ಇಲ್ಲಾ ಸಂಜೆ. ಹೊಸಬರ ವಿಷಯ ಮರೀಬೇಡಿ, ಮೈ ಬಿಸಿಲಿಗೆ ಒಗ್ಗೋಕೆ ಒಂದೆರಡು ವಾರ ಬೇಕು, ಮೊದಲ ದಿನಗಳೇ ಅಪಾಯ. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಿಯೋಶ್ ಹೇಳೋದು, ಹೊಸಬರಿಗೆ ಮೊದಲ ದಿನ ಬಿಸಿಲಲ್ಲಿ ಶೇ 20ರಷ್ಟು ಹೊತ್ತು ಮಾತ್ರ ಕೆಲಸ, ಆಮೇಲೆ ದಿನಕ್ಕೆ ಶೇ 20 ಏರಿಸೋದು. ಗಂಜ್‌ನಲ್ಲಿ ಇದು ನಡೆಯುತ್ತಾ ಅಂತ ಮಾಲೀಕರನ್ನೇ ಕೇಳಿ, ಅವರ ಉತ್ತರನ ಸುದ್ದಿಗೆ ಹಾಕಿ. ಸರ್ಕಾರಿ ಉದ್ಯೋಗ ಖಾತ್ರಿ ಕಾಮಗಾರಿ ಆಗಿದ್ರೆ ನೆರಳು, ಕುಡಿಯೋ ನೀರು, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಜಾಗದಲ್ಲಿ ಇದೆಯಾ ಅಂತ ಕಣ್ಣಾರೆ ನೋಡಿ, ಬೇಸಿಗೆಯಲ್ಲಿ ಕೆಲಸದ ಪ್ರಮಾಣ ಕಡಿಮೆ ಮಾಡಿದ ಆದೇಶ ಈ ವರ್ಷ ಬಂದಿದ್ರೆ ಅದರ ಪ್ರತಿ ಇಸ್ಕೊಳ್ಳಿ, ಬಾಯಿ ಮಾತಿಗೆ ನಂಬಬೇಡಿ.

ಇನ್ನು ಯಾರಾದ್ರೂ ಬಿದ್ರೆ. ಇದನ್ನ ಬೇರೆಯಾಗಿ, ದಪ್ಪ ಅಕ್ಷರದಲ್ಲಿ ಕೊಡಿ. ಒಬ್ಬರು 108ಕ್ಕೆ ಫೋನ್, ಉಳಿದವರು ಆಗಲೇ ತಣ್ಣಗೆ ಮಾಡೋಕೆ ಶುರು. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿದು ಬೀಸೋದು, ಐಸ್ ಸಿಕ್ಕಿದ್ರೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ. ಆಂಬುಲೆನ್ಸ್ ಬರ್ಲಿ ಅಂತ ಸುಮ್ನೆ ಕೂತ ನಿಮಿಷಗಳೇ ಮೆದುಳಿಗೆ ಪೆಟ್ಟು. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕ್ಬಾರದು, ಶ್ವಾಸಕ್ಕೆ ಹೋಗುತ್ತೆ. ಜ್ವರದ ಮಾತ್ರೆ ಕೊಡೋದು ದಂಡ, ಇದು ಜ್ವರ ಅಲ್ಲ.

## ಹಂತ 6: ಬರೆಯೋದು

ನಮ್ಮ ಉದಾಹರಣೆಯ ಸರಕು ಇಟ್ಕೊಂಡು ಎರಡು ಇಂಟ್ರೋ ನೋಡಿ.

ಮಾಮೂಲಿ: "ಜಿಲ್ಲೆಯಲ್ಲಿ ಬಿಸಿಲಿನ ಝಳ ದಿನೇ ದಿನೇ ಹೆಚ್ಚಾಗುತ್ತಿದ್ದು, ಜನಜೀವನ ಅಸ್ತವ್ಯಸ್ತಗೊಂಡಿದೆ. ಸಾರ್ವಜನಿಕರು ತತ್ತರಿಸಿ ಹೋಗಿದ್ದಾರೆ."

ಬೇಕಾಗಿದ್ದು: "ಗಂಜ್‌ನಲ್ಲಿ ಮಧ್ಯಾಹ್ನ ಎರಡಕ್ಕೆ ಲಾರಿ ತುಂಬುವ ಹಮಾಲರಿಗೆ ಕೂಲಿ ಚೀಲದ ಲೆಕ್ಕದಲ್ಲಿ, ಕುಡಿಯುವ ನೀರು ಇನ್ನೂರು ಹೆಜ್ಜೆ ದೂರದಲ್ಲಿ. ಬಿಸಿಲಿನ ಕಾಯಿಲೆಗೆ ಕಳೆದ ವಾರ ಜಿಲ್ಲೆಯ ಏಳು ಆಸ್ಪತ್ರೆಗಳಿಗೆ 23 ಜನ ಬಂದಿದ್ದಾರೆ. ಅವರಲ್ಲಿ ಎಷ್ಟು ಜನ ಕೂಲಿಕಾರರು ಎಂಬ ದಾಖಲೆ ಆರೋಗ್ಯ ಇಲಾಖೆಯಲ್ಲಿಲ್ಲ."

ಮೊದಲನೆಯದನ್ನ ಯಾವ ವರ್ಷದ ಯಾವ ಊರಿಗೆ ಬೇಕಾದ್ರೂ ಹಾಕ್ಬಹುದು. ಎರಡನೆಯದು ಬರೆಯೋಕೆ ಹೋಗಿ ನೋಡಿ ಬರಲೇಬೇಕು.

ಮುಂದಿನ ಕ್ರಮ: ಇಂಟ್ರೋ ಆದ್ಮೇಲೆ ಹಮಾಲರ ಒಂದು ಮಾತು, ಆಮೇಲೆ ತಾಪಮಾನ ಮತ್ತು ಅದು ಬಿಸಿಗಾಳಿ ಹೌದೋ ಅಲ್ವೋ ಒಂದೇ ಪ್ಯಾರಾದಲ್ಲಿ, ಆಮೇಲೆ ಲೆಕ್ಕ ಹೋಲಿಕೆ ಸಮೇತ, ಲೆಕ್ಕದಲ್ಲಿ ಯಾರು ಬಿಟ್ಟುಹೋಗಿದಾರೆ ಅನ್ನೋದು, ಡಾಕ್ಟರ ವಿವರಣೆ, ಮಾಲೀಕರ ಮತ್ತು ಅಧಿಕಾರಿಗಳ ಉತ್ತರ. ಬಿದ್ದವರಿಗೆ ಏನು ಮಾಡ್ಬೇಕು ಅನ್ನೋ ಬಾಕ್ಸು ಕೊನೆಗಲ್ಲ, ಸುದ್ದಿಯ ಮೇಲರ್ಧದ ಪಕ್ಕದಲ್ಲೇ, ಯಾಕಂದ್ರೆ ಫೋನಲ್ಲಿ ಓದೋರು ಕೊನೆವರೆಗೆ ಬರಲ್ಲ. ಒಂದು ಪ್ಯಾರಾಕ್ಕೆ ಎರಡು ಸಂಖ್ಯೆಗಿಂತ ಜಾಸ್ತಿ ಬಂದ್ರೆ ಒಂದನ್ನ ಕೆಳಗೆ ತಳ್ಳಿ.

"ಬಿಸಿಲಿಂದಾಗಿ ಕೇಸು ಹೆಚ್ಚಾಗಿದೆ" ಅಂತ ಬರೆಯೋಕೆ ಕೈ ಹೋಗುತ್ತೆ, ಎರಡು ವಾರದ ಲೆಕ್ಕಕ್ಕೆ ಅಷ್ಟು ಭಾರ ತಡೆಯೋ ಶಕ್ತಿ ಇಲ್ಲ. "ಬಿಸಿಲು ಏರಿದ ಅದೇ ವಾರ ಕೇಸೂ ಏರಿದೆ" ಅನ್ನಿ.

## ಹಂತ 7: ಕಳಿಸೋ ಮುಂಚೆ ಮತ್ತು ಕಳಿಸಿದ ಮೇಲೆ

ಕಳಿಸೋ ಮುಂಚೆ ಸಂಖ್ಯೆಗಳನ್ನ ಮಾತ್ರ ಪ್ರತ್ಯೇಕ ಹಾಳೆಯಲ್ಲಿ ಬರ್ಕೊಳ್ಳಿ, ಪ್ರತಿಯೊಂದರ ಮುಂದೆ ಯಾರು ಕೊಟ್ಟಿದ್ದು, ಯಾವ ದಿನದಿಂದ ಯಾವ ದಿನದವರೆಗೆ ಅಂತ. ತುಂಬೋಕೆ ಆಗದ ಸಂಖ್ಯೆ ಇದ್ರೆ ತೆಗೆದುಹಾಕಿ. ಪ್ರಥಮ ಚಿಕಿತ್ಸೆ ಬಾಕ್ಸನ್ನ ಡಾಕ್ಟರಿಗೆ ಓದಿ ಹೇಳಿ, ಸುದ್ದಿ ಪೂರ್ತಿ ತೋರಿಸೋದು ಬೇಡ, ಬಾಕ್ಸ್ ಸಾಕು. ಹೆಡ್ಡಿಂಗ್ ಹಾಕೋದು ಡೆಸ್ಕಿನವರು, ಅವರಿಗೆ "ಬಿಸಿಗಾಳಿ ಘೋಷಣೆ ಆಗಿಲ್ಲ, ಸಾವು ದೃಢಪಟ್ಟಿಲ್ಲ" ಅಂತ ಕಾಪಿಯ ತಲೆಯಲ್ಲೇ ಒಂದು ಸಾಲು ಬರೆದಿಡಿ, ಇಲ್ಲಾಂದ್ರೆ ನಿಮ್ಮ ಎರಡು ದಿನದ ಶ್ರಮದ ಮೇಲೆ "ಕೆಂಡ" ಕೂತ್ಕೊಂಡಿರುತ್ತೆ.

ವಾರ ಆದ್ಮೇಲೆ ಅದೇ ಸರ್ವೇಕ್ಷಣಾ ಕಚೇರಿಗೆ ಹೋಗಿ ಅದೇ ಹಳೇ ವಾರದ ಲೆಕ್ಕ ಮತ್ತೆ ಕೇಳಿ. ತಡವಾಗಿ ಬಂದ ವರದಿ ಸೇರಿ 23 ಇದ್ದಿದ್ದು 27 ಆಗಿರಬಹುದು, ಶಂಕಿತ ಅಂತ ಇದ್ದಿದ್ದು ಕೈಬಿಟ್ಟಿರಬಹುದು. ಬದಲಾಗಿದ್ರೆ ಆನ್‌ಲೈನ್ ಸುದ್ದಿಯಲ್ಲಿ ತಿದ್ದಿ, ಯಾವತ್ತು ತಿದ್ದಿದ್ದು ಅಂತ ಹಾಕಿ. ಹಾಗೇ ಗಂಜ್ ಕಡೆ ಹೋಗಿ ನೀರಿನ ಡ್ರಮ್ಮು ಜಾಗ ಬದಲಾಯಿಸಿದೆಯಾ ನೋಡ್ಕೊಂಡು ಬನ್ನಿ, ಬದಲಾಗಿದ್ರೂ ಆಗದಿದ್ರೂ ಎರಡನೇ ಸುದ್ದಿ ಅದೇ.